360 ತೋಟಕ್ಕೆ 385 ಮಾದರಿ: ಚಿಕ್ಕ ಊರಿನ ಸಮೀಕ್ಷೆಯ ಲೆಕ್ಕ

(ಶಿವಮೊಗ್ಗದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ ಆಸಕ್ತರಿಗೂ ಮಾಡಿದ ಉಪನ್ಯಾಸದ ಬರಹ ರೂಪ. ಹಲಗೆಯ ಮೇಲೆ ಬರೆದದ್ದನ್ನು ಓದುವವರಿಗೆ ಅನುಕೂಲವಾಗಲಿ ಎಂದು ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಜೋರಾಗಿದೆ, ಹೆಂಚಿನ ಸದ್ದಿಗೆ ನನ್ನ ದನಿ ಹಿಂದಿನ ಸಾಲಿಗೆ ಕೇಳಿಸದಿದ್ದರೆ ಕೈ ಎತ್ತಿ.

ಕೆಲವು ವರ್ಷಗಳ ಹಿಂದೆ ತೀರ್ಥಹಳ್ಳಿ ಕಡೆಯ ಒಬ್ಬ ವಿದ್ಯಾರ್ಥಿನಿ ನನ್ನ ಹತ್ತಿರ ಬಂದಿದ್ದಳು. ಅವಳ ಊರಿನ ಸಹಕಾರ ಸಂಘದ ಸದಸ್ಯರ ಅಡಿಕೆ ತೋಟಗಳಲ್ಲಿ ಎಷ್ಟಕ್ಕೆ ಎಲೆಚುಕ್ಕೆ ರೋಗ ತಗುಲಿದೆ ಎಂದು ತಿಳಿಯುವುದು ಅವಳ ಕೆಲಸ. ಮಾರ್ಗದರ್ಶಕರು ಒಂದು ಸೂತ್ರ ಕೊಟ್ಟು, 385 ತೋಟ ನೋಡಿಕೊಂಡು ಬಾ ಎಂದಿದ್ದರು. ಸಂಘದ ಪಟ್ಟಿಯಲ್ಲಿ ಇದ್ದದ್ದೇ 360 ತೋಟ. (ಇವತ್ತಿನ ಲೆಕ್ಕಕ್ಕೆ ಅನುಕೂಲವಾಗಲಿ ಎಂದು ಸಂಖ್ಯೆಯನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ.) ಪಾಪ, ಅವಳು ಗಂಭೀರವಾಗಿಯೇ ಕೇಳಿದಳು: “ಸಾರ್, ಉಳಿದ 25 ತೋಟ ಎಲ್ಲಿಂದ ತರ್ಲಿ?”

ನಾನು ನಕ್ಕೆ. ಆಮೇಲೆ ನಗಬಾರದಿತ್ತು ಅನ್ನಿಸಿತು. ಏಕೆಂದರೆ ಆ ಹುಡುಗಿಯ ಪ್ರಶ್ನೆಯೊಳಗೆ ಸಂಖ್ಯಾಶಾಸ್ತ್ರದ ಒಂದು ಇಡೀ ಅಧ್ಯಾಯ ಇದೆ. ಇವತ್ತು ನಾನು ಮಾತಾಡುವುದು ಅದೊಂದರ ಬಗ್ಗೆಯೇ: ಪರಿಮಿತ ಸಮಷ್ಟಿ ತಿದ್ದುಪಡಿ. ಯಾರ ಬಗ್ಗೆ ತಿಳಿಯಬೇಕೋ ಆ ಇಡೀ ಗುಂಪು ಸಮಷ್ಟಿ. ಅದು ಎಣಿಸಿ ಮುಗಿಯುವಷ್ಟು ಚಿಕ್ಕದಿದ್ದಾಗ ಮಾದರಿಯ ಗಾತ್ರವನ್ನು ಎಷ್ಟು ಇಳಿಸಬಹುದು, ಯಾವಾಗ ಇಳಿಸಬಾರದು ಎನ್ನುವುದು ಪ್ರಶ್ನೆ.

ಮೊದಲು ಆ 385 ಎಲ್ಲಿಂದ ಬಂತು ನೋಡೋಣ. ನಿಮ್ಮಲ್ಲಿ ಬಹುತೇಕರಿಗೆ ಗೊತ್ತಿರುವ ಸೂತ್ರವೇ:

```
n0 = z² × p × (1 − p) / e²
   = 1.96² × 0.5 × 0.5 / 0.05²
   = 384.16
```

ಶೇ. 95ರ ವಿಶ್ವಾಸ ಮಟ್ಟಕ್ಕೆ z ಎಂದರೆ 1.96. e ಎಂದರೆ ನಾವು ಒಪ್ಪಿಕೊಂಡ ತಪ್ಪಿನ ಮಿತಿ, ಆಚೆ 5 ಈಚೆ 5. p ಎಂದರೆ ರೋಗ ಇರುವ ತೋಟಗಳ ಪಾಲು. ಅದನ್ನೇ ತಿಳಿಯಲು ಹೊರಟವರಿಗೆ ಅದು ಮೊದಲೇ ಗೊತ್ತಿರುವುದಿಲ್ಲವಲ್ಲ, ಹಾಗಾಗಿ ಎಲ್ಲಕ್ಕಿಂತ ದೊಡ್ಡ ಮಾದರಿ ಬೇಡುವ ಅರ್ಧವನ್ನೇ, ಅಂದರೆ 0.5 ಅನ್ನೇ ಇಟ್ಟುಕೊಳ್ಳುತ್ತೇವೆ. ಬಂದದ್ದು 384.16, ಮೇಲಕ್ಕೆ ಏರಿಸಿದರೆ 385.

ಈಗ ಸೂತ್ರವನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ಊರಿನ ಗಾತ್ರ ಎಲ್ಲಿದೆ? ಎಲ್ಲೂ ಇಲ್ಲ. ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ ಸುಮಾರು ಹದಿನೇಳೂವರೆ ಲಕ್ಷ. ಅಷ್ಟು ಜನರಲ್ಲಿ ಚೀಟಿ ಎತ್ತಿದರೂ 385 ಸಾಕು ಎನ್ನುತ್ತದೆ, ಇಡೀ ದೇಶಕ್ಕೂ ಅಷ್ಟೇ ಎನ್ನುತ್ತದೆ. ಕೇಳಿದವರಿಗೆ ಇದು ಮೋಸ ಅನ್ನಿಸುತ್ತದೆ, ಆದರೆ ಅಡುಗೆಮನೆಯಲ್ಲಿ ನಾವು ದಿನವೂ ಇದನ್ನು ಒಪ್ಪಿಕೊಂಡಿದ್ದೇವೆ. ಅನ್ನ ಬೆಂದಿದೆಯೇ ಎಂದು ನೋಡಲು ಚಿಕ್ಕ ಪಾತ್ರೆಯಲ್ಲೂ ನಾಲ್ಕು ಅಗುಳು ಹಿಚುಕುತ್ತೇವೆ, ಮದುವೆಮನೆಯ ಕೊಪ್ಪರಿಗೆಯಲ್ಲೂ ನಾಲ್ಕೇ ಅಗುಳು. ಚೆನ್ನಾಗಿ ಕಲಸಿದ್ದರೆ ಸಾಕು, ಪಾತ್ರೆ ಎಷ್ಟು ದೊಡ್ಡದು ಅನ್ನುವುದು ಮುಖ್ಯವಲ್ಲ.

ಆದರೆ ಪಾತ್ರೆಯಲ್ಲಿ ಇರುವುದೇ ಆರು ಅಗುಳು ಅಂದುಕೊಳ್ಳಿ. ಅದರಲ್ಲಿ ನಾಲ್ಕು ಹಿಚುಕಿ ನೋಡಿದಿರಿ. ಇನ್ನು ಅನುಮಾನ ಉಳಿದಿರುವುದು ಎರಡರ ಬಗ್ಗೆ ಮಾತ್ರ. ನೋಡಿದ ನಾಲ್ಕರ ಬಗ್ಗೆ ಅಂದಾಜು ಮಾಡಬೇಕಾದ್ದೇನೂ ಇಲ್ಲ. 384.16 ಕೊಟ್ಟ ಸೂತ್ರಕ್ಕೆ ಈ ಸಂಗತಿ ಗೊತ್ತಿಲ್ಲ. ಅದು ಪಾತ್ರೆಗೆ ತಳವೇ ಇಲ್ಲ ಎಂದುಕೊಂಡು ಲೆಕ್ಕ ಹಾಕಿದೆ.

ಈ ಮಾತನ್ನು ಬರೀ ಹೋಲಿಕೆಯಲ್ಲಿ ಬಿಡುವುದು ಬೇಡ, ಕೈಯಲ್ಲೇ ಮಾಡಿ ನೋಡೋಣ. ನಾಲ್ಕು ತೋಟ ತೆಗೆದುಕೊಳ್ಳಿ. ಒಂದೊಂದರ ಫಸಲು 4, 6, 8, 10 ಕ್ವಿಂಟಾಲ್ ಎಂದಿಟ್ಟುಕೊಳ್ಳಿ. ಸರಾಸರಿ 7. ಸರಾಸರಿಯಿಂದ ಒಂದೊಂದೂ ಎಷ್ಟು ದೂರ ಇದೆಯೋ ಅದರ ವರ್ಗ ಮಾಡಿ, ಕೂಡಿ, ನಾಲ್ಕರಿಂದ ಭಾಗಿಸಿದರೆ ವೇರಿಯನ್ಸ್ ಸಿಗುತ್ತದೆ: 9, 1, 1, 9, ಒಟ್ಟು 20, ಭಾಗಿಸಿದರೆ 5.

ಈಗ ಎರಡು ತೋಟದ ಮಾದರಿ ತೆಗೆಯಬೇಕು. ಒಂದು ಚೀಟಿ ಎತ್ತಿ, ನೋಡಿ, ಮತ್ತೆ ಡಬ್ಬಕ್ಕೇ ಹಾಕಿ ಇನ್ನೊಂದು ಎತ್ತಿದರೆ, ಒಂದೇ ತೋಟ ಎರಡು ಸಲ ಬರಬಹುದು. 4 ಮತ್ತು 4 ಬಂದರೆ ಸರಾಸರಿ 4, 10 ಮತ್ತು 10 ಬಂದರೆ 10. ಹೀಗೆ ಎತ್ತುವಾಗ ಸರಾಸರಿಯ ವೇರಿಯನ್ಸ್ 5 ಭಾಗಿಸು 2, ಅಂದರೆ 2.5. ಪುಸ್ತಕದ ಸಾಮಾನ್ಯ ಸೂತ್ರ ಹೇಳುವುದು ಇದನ್ನೇ.

ಆದರೆ ಸಮೀಕ್ಷೆಯಲ್ಲಿ ಯಾರೂ ಒಂದೇ ತೋಟಕ್ಕೆ ಎರಡು ಸಲ ಹೋಗುವುದಿಲ್ಲ. ಎತ್ತಿದ ಚೀಟಿ ಹೊರಗೇ ಇರುತ್ತದೆ. ಆಗ ಸಾಧ್ಯವಿರುವ ಜೋಡಿ ಆರೇ ಆರು, ಅವುಗಳ ಸರಾಸರಿ 5, 6, 7, 7, 8, 9. ಏಳರಿಂದ ದೂರದ ವರ್ಗಗಳು 4, 1, 0, 0, 1, 4. ಒಟ್ಟು 10, ಆರರಿಂದ ಭಾಗಿಸಿದರೆ 1.67. ಎರಡೂವರೆ ಇದ್ದದ್ದು ಒಂದೂ ಮುಕ್ಕಾಲಿನ ಹತ್ತಿರಕ್ಕೆ ಇಳಿಯಿತು. ಏಕೆ? ಒಂದೇ ತೋಟ ಎರಡು ಸಲ ಬಂದು 4, 10 ಎಂಬ ಅತಿರೇಕದ ಸರಾಸರಿ ಕೊಡುವ ದಾರಿ ಮುಚ್ಚಿಹೋಯಿತು, ಅದಕ್ಕೆ. 2.5ರಿಂದ 1.67ಕ್ಕೆ ಹೋಗಲು ಯಾವುದರಿಂದ ಗುಣಿಸಬೇಕು? ಮೂರರಲ್ಲಿ ಎರಡರಿಂದ. ತೋಟ N ನಾಲ್ಕು, ಮಾದರಿ n ಎರಡು:

```
(N − n) / (N − 1) = (4 − 2) / (4 − 1) = 2/3
```

ಇದೇ ತಿದ್ದುಪಡಿ. ವೇರಿಯನ್ಸ್‌ಗೆ ಈ ಸಂಖ್ಯೆ, ತಪ್ಪಿನ ಮಿತಿಗೆ ಇದರ ವರ್ಗಮೂಲ. ಮನೆಗೆ ಹೋಗಿ ಐದು ತೋಟ, ಮೂರರ ಮಾದರಿ ಇಟ್ಟು ಮಾಡಿ ನೋಡಿ. ಹತ್ತು ಗುಂಪು ಬರೆಯಬೇಕಾಗುತ್ತದೆ, ಅಷ್ಟೇ. ಒಮ್ಮೆ ಕೈಯಲ್ಲಿ ಮಾಡಿದವರಿಗೆ ಈ ಸೂತ್ರ ಮರೆಯುವುದಿಲ್ಲ.

ಸರಿ, ಈಗ ಹುಡುಗಿಯ ಲೆಕ್ಕಕ್ಕೆ ಬರೋಣ. ತಳವಿಲ್ಲದ ಪಾತ್ರೆಯಲ್ಲಿ n0 ಮಾದರಿ ಕೊಡುವಷ್ಟೇ ನಿಖರತೆ, ತಳವಿರುವ ಪಾತ್ರೆಯಲ್ಲಿ ಎಷ್ಟು ಮಾದರಿಗೆ ಸಿಗುತ್ತದೆ? ಎರಡು ವೇರಿಯನ್ಸನ್ನೂ ಸಮ ಮಾಡಿದರೆ ಉತ್ತರ ಬರುತ್ತದೆ. N ಮತ್ತು N − 1ರ ನಡುವಿನ ಚಿಲ್ಲರೆ ವ್ಯತ್ಯಾಸವನ್ನು ಒಂದು ಕ್ಷಣ ಮರೆತರೆ ಅದು ಬಹಳ ಚೆಂದದ ರೂಪಕ್ಕೆ ಬರುತ್ತದೆ:

```
1/n = 1/n0 + 1/N
```

ಇದನ್ನು ನೀವು ಶಾಲೆಯಲ್ಲೇ ನೋಡಿದ್ದೀರಿ. ಒಬ್ಬರು ಅಡಿಕೆ ರಾಶಿಯನ್ನು ಒಬ್ಬರೇ ಸುಲಿದು ಮುಗಿಸಲು 384 ನಿಮಿಷ ಬೇಕು, ಇನ್ನೊಬ್ಬರಿಗೆ 360 ನಿಮಿಷ ಬೇಕು, ಇಬ್ಬರೂ ಕೂತು ಸುಲಿದರೆ ಎಷ್ಟು ಹೊತ್ತಿಗೆ ಮುಗಿಯುತ್ತದೆ? ಅದೇ ಲೆಕ್ಕ. ಉತ್ತರ 186 ನಿಮಿಷದ ಆಸುಪಾಸು. ಜೊತೆಗೆ ಕೂತು ಸುಲಿದರೆ ಇಬ್ಬರಲ್ಲಿ ಚುರುಕಾದವರಿಗಿಂತಲೂ ಬೇಗ ಮುಗಿಯಲೇಬೇಕಲ್ಲ? ಹಾಗೆಯೇ n ಯಾವತ್ತೂ n0ಗಿಂತಲೂ ಕಡಿಮೆ, Nಗಿಂತಲೂ ಕಡಿಮೆ. 360 ತೋಟದ ಊರಿಗೆ 385 ಮಾದರಿ ಕೇಳುವ ಪ್ರಮೇಯವೇ ಬರುವುದಿಲ್ಲ.

ಪಾಲಿನ ಅಂದಾಜಿಗೆ ಪುಸ್ತಕಗಳಲ್ಲಿ ಕಾಣುವ ರೂಪದಲ್ಲಿ ಆ ಚಿಲ್ಲರೆ ಒಂದನ್ನೂ ಸೇರಿಸಿಕೊಂಡಿರುತ್ತಾರೆ. ವಿಲಿಯಂ ಕಾಕ್ರನ್ ಅವರ ಹೆಸರಿನಲ್ಲಿ ಕರೆಯುವುದು ಇದನ್ನೇ:

```
n = n0 / (1 + (n0 − 1)/N)
  = 384.16 / (1 + 383.16/360)
  = 384.16 / 2.0643
  = 186.09
```

ಇಲ್ಲಿ ಒಂದು ಸಣ್ಣ ಜಾಗ್ರತೆ. 186.09 ಬಂದರೆ 186 ಅಲ್ಲ, 187. ಅನುಮಾನವಿದ್ದರೆ ಹಿಂದಕ್ಕೆ ಪರೀಕ್ಷಿಸಿ. 187 ತೋಟ ನೋಡಿದರೆ ತಪ್ಪಿನ ಮಿತಿ ಶೇ. 4.97 ಬರುತ್ತದೆ, 186 ಆದರೆ 5.003. ಒಂದು ತೋಟಕ್ಕೆ ಆಕಾಶ ಬೀಳುವುದಿಲ್ಲ ನಿಜ, ಆದರೆ ಮಿತಿ 5 ಎಂದು ಬರೆದುಕೊಟ್ಟ ಮೇಲೆ ಅದರೊಳಗೆ ಇರುವುದು ಮರ್ಯಾದೆ. ಸ್ಪ್ರೆಡ್‌ಶೀಟಿನಲ್ಲಿ A1ಗೆ 384.16, B1ಗೆ 360 ಹಾಕಿ ಇಷ್ಟು ಬರೆದರೆ ಸಾಕು:

```
=ROUNDUP(A1/(1+(A1-1)/B1),0)
```

385ರಿಂದ 187ಕ್ಕೆ ಇಳಿಯಿತು, ಅರ್ಧಕ್ಕಿಂತ ಕಡಿಮೆ. ಮಲೆನಾಡಿನಲ್ಲಿ ಸಮೀಕ್ಷೆ ಮಾಡಿದವರಿಗೆ ಇದರ ಬೆಲೆ ಗೊತ್ತು. ಇಲ್ಲಿ ಮನೆಗಳು ಬಯಲುಸೀಮೆಯ ಹಾಗೆ ಸಾಲಾಗಿ ಇಲ್ಲ. ಒಂಟಿ ಮನೆ, ಅದಕ್ಕೊಂದು ಸಂಕ, ಆಮೇಲೊಂದು ಗುಡ್ಡ, ಗುಡ್ಡದಾಚೆ ಮುಂದಿನ ಮನೆ. ದಿನಕ್ಕೆ ಆರು ತೋಟ ನೋಡಿದರೆ ಹೆಚ್ಚು, ಅದೂ ಇಂಬಳಕ್ಕೆ ರಕ್ತ ಕೊಟ್ಟು.

ಒಬ್ಬರು ಕೇಳಿದರು, ಎಷ್ಟು ಚಿಕ್ಕ ಸಮಷ್ಟಿಗೆ ಇದು ಲೆಕ್ಕಕ್ಕೆ ಬರುತ್ತದೆ ಎಂದು. ಹತ್ತು ಸಾವಿರ ಇದ್ದರೆ 385 ಇಳಿದು 370 ಆಗುತ್ತದೆ, ಹೇಳಿಕೊಳ್ಳುವಂಥದ್ದಲ್ಲ. ಸಾವಿರ ಇದ್ದರೆ 278. ಮಾದರಿ ಸಮಷ್ಟಿಯ ಶೇ. 5ಕ್ಕಿಂತ ಕಡಿಮೆ ಇದ್ದರೆ ತಿದ್ದುಪಡಿಯನ್ನು ಬಿಟ್ಟುಬಿಡಬಹುದು ಎಂದು ರೂಢಿಯ ಮಾತಿದೆ. ಅಲ್ಲಿ ತಪ್ಪಿನ ಮಿತಿ ಬದಲಾಗುವುದು ನೂರಕ್ಕೆ ಎರಡೂವರೆ ಪಾಲಿನಷ್ಟು ಮಾತ್ರ, ಅಂದರೆ 5 ಇದ್ದದ್ದು 4.87 ಆಗುತ್ತದೆ. ಇನ್ನೊಂದು ತುದಿಯಲ್ಲಿ, 40 ಮನೆಯ ಮಜರೆಗೆ ಲೆಕ್ಕ ಹಾಕಿದರೆ 37 ಬರುತ್ತದೆ. 37 ಮನೆಗೆ ಹೋದವರು ಉಳಿದ ಮೂರು ಮನೆಯ ಬಾಗಿಲು ತಟ್ಟದೆ ಬರುವುದು ಸರಿಯೇ? ಅಲ್ಲಿ ಸೂತ್ರ ಬದಿಗಿಟ್ಟು ಎಲ್ಲರ ಮನೆಗೂ ಹೋಗಿ, ಕಾಫಿ ಕುಡಿದು ಬನ್ನಿ.

ಇನ್ನು ಈ ಇಳಿಸಿದ ಲೆಕ್ಕ ಎಲ್ಲಿ ಕೈಕೊಡುತ್ತದೆ ನೋಡೋಣ. ನಾನು ನೋಡಿದ ಪ್ರಬಂಧಗಳಲ್ಲಿ ಸೂತ್ರ ತಪ್ಪಾಗಿರುವುದು ಅಪರೂಪ. ತಪ್ಪಿರುವುದು ಅದರ ಮುಂದೆ ಅಥವಾ ಹಿಂದೆ.

ಮೊದಲನೆಯದು, ಯಾವುದು ಮೊದಲು ಯಾವುದು ಆಮೇಲೆ ಎಂಬ ಪ್ರಶ್ನೆ. 187 ಎಂದರೆ ಕೈಗೆ ಬರಬೇಕಾದ ತೋಟಗಳು, ಪಟ್ಟಿಯಿಂದ ಎತ್ತಬೇಕಾದ ಚೀಟಿಗಳಲ್ಲ. ಕೆಲವು ಮನೆಗೆ ಬೀಗ, ಮಾಲೀಕರು ಬೆಂಗಳೂರಿನಲ್ಲಿ. ಕೆಲವರು ತೋಟದೊಳಗೆ ಬಿಡುವುದಿಲ್ಲ. ನೂರಕ್ಕೆ ಹದಿನೈದು ಹೀಗೆ ತಪ್ಪಬಹುದು ಎಂದು ಅಂದಾಜಿದ್ದರೆ, 187 ಅನ್ನು 0.85ರಿಂದ ಭಾಗಿಸಬೇಕು: 220 ಚೀಟಿ. ಕೆಲವರು ಇದನ್ನು ತಿರುವುಮುರುವು ಮಾಡುತ್ತಾರೆ. ಮೊದಲು 385 ಅನ್ನು 0.85ರಿಂದ ಭಾಗಿಸಿ 453 ಮಾಡಿಕೊಂಡು, ಆಮೇಲೆ ತಿದ್ದುಪಡಿ ಹಾಕಿ 201 ಎನ್ನುತ್ತಾರೆ. ಊರಿಗೆ ಹೋಗಿ ನೂರಕ್ಕೆ ಹದಿನೈದು ತಪ್ಪಿದ ಮೇಲೆ ಕೈಯಲ್ಲಿ ಉಳಿಯುವುದು 171. ಆಗ ತಪ್ಪಿನ ಮಿತಿ ಶೇ. 5.4. ತಿದ್ದುಪಡಿ ಮೊದಲು, ಬೀಗ ಹಾಕಿದ ಮನೆಗಳ ಲೆಕ್ಕ ಆಮೇಲೆ.

ಚೀಟಿ ಹೆಚ್ಚು ಎತ್ತಿದರೂ ಬೀಗದ ಮನೆಯ ಸಮಸ್ಯೆ ಪೂರ್ತಿ ತೀರುವುದಿಲ್ಲ. ಬೆಂಗಳೂರಿನಲ್ಲಿರುವವರ ತೋಟಕ್ಕೆ ಹೊತ್ತಿಗೆ ಸರಿಯಾಗಿ ಔಷಧಿ ಬಿದ್ದಿರುವುದು ಅನುಮಾನ, ರೋಗ ಅಲ್ಲೇ ಹೆಚ್ಚಿರಬಹುದು. ಅಂಥ ತೋಟಗಳು ಮಾದರಿಯಿಂದ ಜಾರಿಹೋದರೆ ನಿಮ್ಮ ಅಂದಾಜು ಕೆಳಕ್ಕೆ ವಾಲುತ್ತದೆ. ತಿದ್ದುಪಡಿಯು ಚೀಟಿ ಎತ್ತುವುದರಲ್ಲಿರುವ ಅದೃಷ್ಟದಾಟವನ್ನು ಅಳೆಯುತ್ತದೆಯೇ ಹೊರತು ಈ ವಾಲಿಕೆಯನ್ನು ಮುಟ್ಟುವುದೂ ಇಲ್ಲ. ಬೀಗ ಹಾಕಿದ ಮನೆಯ ತೋಟವನ್ನು ಪಕ್ಕದವರ ಬೇಲಿಯಿಂದಲಾದರೂ ನೋಡಿಕೊಂಡು ಬನ್ನಿ ಎಂದು ನಾನು ಹೇಳುವುದು ಅದಕ್ಕೇ.

ಎರಡನೆಯದು, ಒಂದೇ ತಿದ್ದುಪಡಿಯನ್ನು ಎರಡು ಸಲ ಹಾಕುವುದು. ನಮ್ಮ ಪ್ರಬಂಧಗಳಲ್ಲಿ ಯಮಾನೆ ಅವರ ಸೂತ್ರ ಎಂದು ಒಂದು ಬಹಳ ಜನಪ್ರಿಯ:

```
n = N / (1 + N × e²)
  = 360 / (1 + 360 × 0.0025)
  = 360 / 1.9 = 189.5  →  190
```

ನೋಡಿ, 187ರ ಹತ್ತಿರವೇ ಬಂತು. ಅದು ಕಾಕತಾಳೀಯವಲ್ಲ. ನಮ್ಮ ಮೊದಲ ಸೂತ್ರದಲ್ಲಿ z ಅನ್ನು 1.96ರ ಬದಲು ದುಂಡಗೆ 2 ಮಾಡಿ, p ಅರ್ಧ ಇಟ್ಟರೆ n0 ಸರಿಯಾಗಿ 400 ಆಗುತ್ತದೆ. ಆ 400ಕ್ಕೆ ನಮ್ಮ ಸುಲಿಯುವ ಲೆಕ್ಕ ಹಾಕಿ, 400 ನಿಮಿಷದವರು ಮತ್ತು 360 ನಿಮಿಷದವರು ಜೊತೆಗೂಡಿದರೆ, ಇದೇ 189.5. ಅಂದರೆ ತಿದ್ದುಪಡಿ ಆ ಸೂತ್ರದ ಹೊಟ್ಟೆಯಲ್ಲೇ ಇದೆ. ಇದು ಗೊತ್ತಿಲ್ಲದವರು 190 ಅನ್ನು ತೆಗೆದುಕೊಂಡು, ನಮ್ಮ ಸಮಷ್ಟಿ ಚಿಕ್ಕದು ಎಂದು ಮತ್ತೊಮ್ಮೆ ತಿದ್ದಿ 125ಕ್ಕೆ ಇಳಿಸುತ್ತಾರೆ. ಅಲ್ಲಿ ನಿಜವಾದ ತಪ್ಪಿನ ಮಿತಿ ಶೇ. 7.1, ಪ್ರಬಂಧದಲ್ಲಿ ಬರೆದಿರುವುದು 5. ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಪ್ರಕಟಿಸಿದ ಕೋಷ್ಟಕವನ್ನು ನಿಮ್ಮಲ್ಲಿ ಹಲವರು ಅನುಬಂಧದಲ್ಲಿ ಅಂಟಿಸುತ್ತೀರಿ. ಅದರಲ್ಲೂ ತಿದ್ದುಪಡಿ ಆಗಿಯೇ ಇದೆ. ಪತ್ತೆ ಹಚ್ಚುವುದು ಸುಲಭ: ಸೂತ್ರ ಅಥವಾ ಕೋಷ್ಟಕ ನಿಮ್ಮನ್ನು N ಎಷ್ಟು ಎಂದು ಕೇಳಿತೇ? ಕೇಳಿದ್ದರೆ ತಿದ್ದುಪಡಿ ಮುಗಿದಿದೆ, ಮತ್ತೆ ಮುಟ್ಟಬೇಡಿ.

ಮೂರನೆಯದು ಸ್ವಲ್ಪ ಬೇಸರದ ವಿಷಯ, ಏಕೆಂದರೆ ಇಳಿಸಿದ್ದರ ಸುಖವನ್ನು ಅದು ಕಿತ್ತುಕೊಳ್ಳುತ್ತದೆ. ಹುಡುಗಿ 187ಕ್ಕೆ ಖುಷಿಯಾಗಿ ಹೋದವಳು ವಾರ ಬಿಟ್ಟು ಮತ್ತೆ ಬಂದಳು. ಸಂಘದ ವ್ಯಾಪ್ತಿಯಲ್ಲಿ ಮೂರು ಗ್ರಾಮ, ಸುಮಾರು 120 ತೋಟದಂತೆ. ಮೂರಕ್ಕೂ ಬೇರೆ ಬೇರೆ ಅಂಕಿ ಕೊಡು ಎಂದು ಸಂಘದವರು ಕೇಳಿದ್ದರು. 187 ಅನ್ನು ಮೂರು ಪಾಲು ಮಾಡಿದರೆ ಗ್ರಾಮಕ್ಕೆ 62 ಚಿಲ್ಲರೆ. ಅದು ಸಾಲುವುದಿಲ್ಲ. ಗ್ರಾಮವಾರು ಐದರ ಮಿತಿ ಬೇಕಿದ್ದರೆ N ಈಗ 120, ಪ್ರತಿ ಗ್ರಾಮಕ್ಕೂ 92 ತೋಟ, ಒಟ್ಟು 276. ತಿದ್ದುಪಡಿ ಪ್ರತಿ ಗ್ರಾಮದೊಳಗೂ ಕೆಲಸ ಮಾಡುತ್ತದೆ, ಆದರೆ ಸಮಷ್ಟಿಯನ್ನು ಚೂರು ಮಾಡಿದಷ್ಟೂ ಒಟ್ಟು ಹೆಚ್ಚುತ್ತಾ ಹೋಗಿ ಕೊನೆಗೆ ಎಲ್ಲ ತೋಟಗಳ ಹತ್ತಿರ ಬರುತ್ತದೆ. ಏನೇನು ಬೇರೆ ಬೇರೆಯಾಗಿ ಹೇಳಬೇಕು ಎನ್ನುವುದನ್ನು ಚೀಟಿ ಎತ್ತುವ ಮೊದಲೇ ಕೇಳಿಕೊಳ್ಳಬೇಕಿತ್ತು. ಆ ಮಾತನ್ನು ಅವಳಿಗೆ ಮೊದಲೇ ಹೇಳದೆ ಹೋದದ್ದು ನನ್ನ ತಪ್ಪು. ಸಂಘದವರು ಕೊನೆಗೆ ಒಟ್ಟು ಅಂಕಿಗೇ ಒಪ್ಪಿಕೊಂಡರು ಎನ್ನುವುದು ಬೇರೆ ಮಾತು.

ಇನ್ನು N. ಪಟ್ಟಿಯಲ್ಲಿ 360 ಇದೆ, ಅದರಲ್ಲಿ ತೀರಿಕೊಂಡವರು, ತೋಟ ಮಾರಿದವರು 30 ಜನ ಇದ್ದಾರೆ ಎಂದಿಟ್ಟುಕೊಳ್ಳಿ. ನಿಜವಾದ N 330 ಆದರೆ ಬೇಕಾದ ಮಾದರಿ 178. ಒಂಬತ್ತು ತೋಟದ ವ್ಯತ್ಯಾಸ, ಹೆದರಬೇಕಾದ್ದಲ್ಲ. ಹೆದರಬೇಕಾದ್ದು ಪಟ್ಟಿಯಲ್ಲಿ ಇಲ್ಲದವರ ಬಗ್ಗೆ. ಅಣ್ಣತಮ್ಮಂದಿರು ಹಿಸ್ಸೆಯಾಗಿ ಹತ್ತು ವರ್ಷವಾದರೂ ಪಹಣಿ ಅಪ್ಪನ ಹೆಸರಿನಲ್ಲೇ ಇರುತ್ತದೆ, ಬಗರ್‌ಹುಕುಂ ಜಾಗದಲ್ಲಿ ತೋಟ ಎಬ್ಬಿಸಿದವರು ಸಂಘದ ಸದಸ್ಯರೇ ಆಗಿರುವುದಿಲ್ಲ. ಅವರ ಚೀಟಿ ಡಬ್ಬದಲ್ಲೇ ಇಲ್ಲ. ಹಾಗಾಗಿ ವರದಿಯಲ್ಲಿ ‘ಊರಿನ ತೋಟಗಳು’ ಎಂದು ಬರೆಯಬೇಡಿ, ‘ಸಂಘದ ಪಟ್ಟಿಯಲ್ಲಿರುವ ತೋಟಗಳು’ ಎಂದು ಬರೆಯಿರಿ.

ಇನ್ನೊಂದು ಎಚ್ಚರಿಕೆ ಬೇಗ ಹೇಳಿ ಮುಂದೆ ಹೋಗುತ್ತೇನೆ. ಈ ಎಲ್ಲ ಲೆಕ್ಕವೂ 360 ಚೀಟಿ ಒಂದೇ ಡಬ್ಬದಲ್ಲಿ ಹಾಕಿ ಎತ್ತಿದಾಗಿನ ಮಾತು. ಓಡಾಟ ಕಷ್ಟ ಎಂದು ಕೆಲವು ಮಜರೆಗಳನ್ನು ಎತ್ತಿ ಅಲ್ಲಿನ ತೋಟಗಳನ್ನೆಲ್ಲ ನೋಡಿದರೆ ಲೆಕ್ಕ ಬೇರೆ. ಎಲೆಚುಕ್ಕೆ ಶಿಲೀಂಧ್ರದ ರೋಗ, ಒಂದು ತೋಟದಲ್ಲಿದ್ದರೆ ಪಕ್ಕದ್ದಕ್ಕೂ ಹರಡುತ್ತದೆ. ಒಂದೇ ಕಣಿವೆಯ ಹತ್ತು ತೋಟ ನೋಡಿದರೆ ಹತ್ತು ಹೊಸ ಸುದ್ದಿ ಸಿಗುವುದಿಲ್ಲ. ಅಲ್ಲಿ ಎತ್ತಿದ್ದು ಮಜರೆ, ಹಾಗಾಗಿ ಎಣಿಕೆಯೂ ತಿದ್ದುಪಡಿಯೂ ಮಜರೆಯ ಮಟ್ಟದಿಂದಲೇ ಶುರುವಾಗಬೇಕು.

ಈಗ ಮಾಹಿತಿ ಬಂತು ಎಂದಿಟ್ಟುಕೊಳ್ಳಿ. ಇಲ್ಲೊಂದು ವಿಚಿತ್ರ ಮರೆವು ನಡೆಯುತ್ತದೆ. ಮಾದರಿ ಇಳಿಸುವಾಗ ತಿದ್ದುಪಡಿ ಬಳಸಿದವರು, ಫಲಿತಾಂಶ ಬರೆಯುವಾಗ ಅದನ್ನು ಬಿಟ್ಟುಬಿಡುತ್ತಾರೆ. ನಾವಾಗಿ ಹೇಳದೆ ಸಾಫ್ಟ್‌ವೇರ್ ಅದನ್ನು ಹಾಕುವುದಿಲ್ಲ, ಅದರ ಲೆಕ್ಕದಲ್ಲಿ ಪಾತ್ರೆಗೆ ಯಾವಾಗಲೂ ತಳ ಇಲ್ಲ. ಉದಾಹರಣೆಗೆ 187ರಲ್ಲಿ 71 ತೋಟದಲ್ಲಿ ರೋಗ ಕಂಡಿತು ಅನ್ನಿ, ಲೆಕ್ಕಕ್ಕೆಂದು ನಾನೇ ಇಟ್ಟುಕೊಂಡ ಸಂಖ್ಯೆ ಇದು. ಪಾಲು ಶೇ. 38. ತಿದ್ದುಪಡಿ ಇಲ್ಲದೆ ತಪ್ಪಿನ ಮಿತಿ 7.0, ಇದ್ದರೆ 4.8. R ಬಳಸುವವರು survey ಪ್ಯಾಕೇಜಿನಲ್ಲಿ ಹೀಗೆ ಹೇಳಬೇಕು:

```r
library(survey)
d$N <- 360
des <- svydesign(ids = ~1, data = d, fpc = ~N)
confint(svymean(~roga, des))
```

ಇಲ್ಲಿ d ಎಂಬುದು ನಿಮ್ಮ 187 ಸಾಲಿನ ಮಾಹಿತಿ, roga ಎಂಬ ಕಾಲಂನಲ್ಲಿ ರೋಗವಿದ್ದರೆ 1, ಇಲ್ಲದಿದ್ದರೆ 0.

ಸಂಘದವರಿಗೆ ಹೇಳುವಾಗ ಶೇಕಡಾವಾರು ಬೇಡ, ತೋಟದ ಲೆಕ್ಕದಲ್ಲೇ ಹೇಳಿ: 360ರಲ್ಲಿ ಸುಮಾರು 137 ತೋಟಕ್ಕೆ ರೋಗ ಇರಬಹುದು, 119ರಿಂದ 154ರೊಳಗೆ. ಹೀಗೆ ಹೇಳಿದಾಗ ತಿದ್ದುಪಡಿಯ ಅರ್ಥವೂ ಬಿಚ್ಚಿಕೊಳ್ಳುತ್ತದೆ. 137ರಲ್ಲಿ 71 ಕಣ್ಣಾರೆ ಕಂಡದ್ದು, ಅದರಲ್ಲಿ ಅಂದಾಜೇ ಇಲ್ಲ. ಉಳಿದ 66 ಮಾತ್ರ ನೋಡದ 173 ತೋಟಗಳ ಬಗ್ಗೆ ನಮ್ಮ ಊಹೆ. ಹಿಂದೆ ಮುಂದೆ ಆಗುವುದೇನಿದ್ದರೂ ಅಲ್ಲೇ.

ಪ್ರಶ್ನೋತ್ತರದಲ್ಲಿ ತೋಟಗಾರಿಕೆ ಓದಿದ ಒಬ್ಬ ಯುವಕ ಎದ್ದುನಿಂತ. “ಸಾರ್, ನಾನು ಅದೇ 360 ತೋಟದಲ್ಲಿ ಔಷಧಿ ಸಿಂಪಡಿಸಿದವರನ್ನೂ ಸಿಂಪಡಿಸದವರನ್ನೂ ಹೋಲಿಸ್ತಿದ್ದೀನಿ. ನಾನೂ ತಿದ್ದುಪಡಿ ಹಾಕಿ ಮಾದರಿ ಇಳಿಸಬಹುದಾ?”

ಒಳ್ಳೆಯ ಪ್ರಶ್ನೆ, ಮತ್ತು ಉತ್ತರ: ಬೇಡ. ನೀವು ನಿಮಗೇ ಒಂದು ಪ್ರಶ್ನೆ ಕೇಳಿಕೊಳ್ಳಿ. 360 ತೋಟವನ್ನೂ ಒಂದೂ ಬಿಡದೆ ನೋಡಿಬಿಟ್ಟರೆ ನನ್ನ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿತೇ? ಆ ಹುಡುಗಿಯ ಪ್ರಶ್ನೆ ‘ಈ ಪಟ್ಟಿಯಲ್ಲಿ ಈಗ ಎಷ್ಟು ತೋಟಕ್ಕೆ ರೋಗ ಇದೆ’ ಎಂಬುದು. ಎಲ್ಲವನ್ನೂ ನೋಡಿದರೆ ಮುಗಿಯಿತು, ಅನುಮಾನ ಸೊನ್ನೆ. ನಿಮ್ಮದು ‘ಸಿಂಪಡಣೆ ಕೆಲಸ ಮಾಡುತ್ತದೆಯೇ’ ಎಂಬ ಪ್ರಶ್ನೆ. ಅದು ಮುಂದಿನ ಮಳೆಗಾಲಕ್ಕೂ ಹೊಸನಗರದ ತೋಟಕ್ಕೂ ಅನ್ವಯಿಸಬೇಕಾದ ಉತ್ತರ. ಈ ವರ್ಷ 360ನ್ನೂ ನೋಡಿದರೂ, ಸಿಂಪಡಿಸಿದವರ ತೋಟ ಆಕಸ್ಮಿಕವಾಗಿ ಬಚಾವಾಗಿರಬಹುದು ಎಂಬ ಅನುಮಾನ ಹಾಗೇ ಉಳಿಯುತ್ತದೆ. ಆದರೆ ತಿದ್ದುಪಡಿ ಹಾಕಿದರೆ n ಮತ್ತು N ಸಮವಾದಾಗ ತಪ್ಪಿನ ಮಿತಿ ಸೊನ್ನೆಗೆ ಬರುತ್ತದೆ. ಆಗ ಎರಡು ಗುಂಪಿನ ನಡುವೆ ಅರ್ಧ ಪರ್ಸೆಂಟ್ ವ್ಯತ್ಯಾಸ ಕಂಡರೂ ಅದು ನಿಸ್ಸಂಶಯ ಸತ್ಯ ಎಂದು ಲೆಕ್ಕ ಹೇಳಿಬಿಡುತ್ತದೆ. ಅದು ತಪ್ಪು ಎಂದು ಯಾವ ಬೆಳೆಗಾರರಿಗಾದರೂ ಗೊತ್ತು.

“ಹಾಗಾದ್ರೆ ನಂಗೆ ಬೇಕಾದಷ್ಟು ತೋಟ ಈ ಊರಲ್ಲಿ ಸಿಗದೇ ಇದ್ರೆ?” ಎಂದ.

ಪಕ್ಕದ ಸಂಘದ ಪಟ್ಟಿಯನ್ನೂ ಸೇರಿಸಿಕೊಳ್ಳಬೇಕು ಎಂದೆ. ಆ ಹುಡುಗಿ ಅವತ್ತು ಕೇಳಿದ, ನಾನು ನಕ್ಕ ಪ್ರಶ್ನೆಯನ್ನು ಇವನು ಕೇಳಿದ್ದರೆ ಉತ್ತರ ನಿಜವಾಗಿಯೂ ಅದೇ ಆಗುತ್ತಿತ್ತು: ಉಳಿದ 25 ತೋಟ ಗುಡ್ಡದಾಚೆಯಿಂದ ತರಬೇಕು.